ಬೆಕ್ಕಿನ ಕಿವಿ ನುಸಿ

ಬೆಕ್ಕಿನ ಕಿವಿ ನುಸಿ ಎಂದರೆ ಬೆಕ್ಕು, ನಾಯಿ ಮುಂತಾದ ಮಾಂಸಾಹಾರಿ ಪ್ರಾಣಿಗಳ ಹೊರಕಿವಿಯ ನಾಳದಲ್ಲಿ ಚರ್ಮದ ಮೇಲೆಯೇ ಬದುಕುವ, ಒಟೊಡೆಕ್ಟಿಸ್ ಸೈನೋಟಿಸ್ ಎಂಬ ವೈಜ್ಞಾನಿಕ ಹೆಸರಿನ ಎಂಟು ಕಾಲಿನ ಪರೋಪಜೀವಿ. ಇದು ಕಿವಿಯೊಳಗೆ ಕಪ್ಪು ಕಸವನ್ನೂ ತೀವ್ರ ತುರಿಕೆಯನ್ನೂ ಉಂಟುಮಾಡುತ್ತದೆ. ಆ ಕಸವನ್ನು ಮಾಮೂಲಿ ಗುಗ್ಗೆ ಎಂದುಕೊಂಡು ಬಿಟ್ಟುಬಿಡುವುದೂ ಉಂಟು, ಮಾಮೂಲಿ ಗುಗ್ಗೆಯನ್ನೇ ನುಸಿ ಎಂದು ಹೆದರಿ ಕಿವಿಗೆ ಎಣ್ಣೆ ಹುಯ್ಯುವುದೂ ಉಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಇಲ್ಲಿ ಒಂದೇ ಅಂಗಳದಲ್ಲಿ ಕೊಟ್ಟಿಗೆ ಮತ್ತು ರೇಷ್ಮೆ ಹುಳು ಮನೆ ಎರಡೂ ಇರುವುದು ಸಾಮಾನ್ಯ. ದನಕ್ಕೆಂದು ತಂದ ಔಷಧಿ ಬೆಕ್ಕಿನ ಕಿವಿಗೆ ಹಾಕಲು ಕೈಗೆಟಕುವಂತಿರುತ್ತದೆ. ಬೆಕ್ಕಿಗೆ ಹಾಕಿದ ಔಷಧಿ ಹುಳುವಿಗೆ ತಾಗುವಂತಿರುತ್ತದೆ.

ಈ ಲೇಖನದಲ್ಲಿ ‘ನುಸಿ’ ಎಂಬುದು ಈ ಒಂದು ಜೀವಿಯನ್ನು ಮಾತ್ರ ಸೂಚಿಸುತ್ತದೆ. ಮೈಮೇಲೆ ಹರಿದಾಡುವ ಚಿಗಟ, ಕಚ್ಚಿಕೊಂಡು ಕೂರುವ ಉಣ್ಣೆ, ಕೂದಲಿಗೆ ಅಂಟುವ ಹೇನು ಬೇರೆ ಬೇರೆ ಜೀವಿಗಳು. ‘ಗುಗ್ಗೆ’ ಎಂದರೆ ಆರೋಗ್ಯವಂತ ಕಿವಿ ತಾನೇ ತಯಾರಿಸುವ ಮೇಣ.

ಗುರುತಿಸಿದ ಇತಿಹಾಸ

ಈ ಜೀವಿಯನ್ನು ಮೊದಲು ವಿವರಿಸಿದವನು ಜರ್ಮನಿಯ ಪಶುವೈದ್ಯ ಎಡ್ವರ್ಡ್ ಹೇರಿಂಗ್, 1838ರಲ್ಲಿ. ಇದು ಮನುಷ್ಯನ ಕಿವಿಯಲ್ಲಿ ನೆಲೆಯೂರಬಲ್ಲುದೇ ಎಂಬ ಪ್ರಶ್ನೆಗೆ ಅಮೆರಿಕದ ಪಶುವೈದ್ಯ ರಾಬರ್ಟ್ ಲೋಪೆಜ್ ತನ್ನದೇ ಕಿವಿಯಲ್ಲಿ ಉತ್ತರ ಹುಡುಕಿದ. ಬೆಕ್ಕಿನಿಂದ ತೆಗೆದ ನುಸಿಗಳನ್ನು ಕಿವಿಯೊಳಗೆ ಬಿಟ್ಟುಕೊಂಡು, ಆದ ತುರಿಕೆ ಮತ್ತು ಸದ್ದನ್ನು ದಾಖಲಿಸಿ 1993ರಲ್ಲಿ ಪ್ರಕಟಿಸಿದ. ರಾತ್ರಿ ಹೊತ್ತಿನಲ್ಲಿ ಅವುಗಳ ಓಡಾಟ ಹೆಚ್ಚುತ್ತಿತ್ತು. ಕೆಲ ವಾರಗಳಲ್ಲಿ ತೊಂದರೆ ತಾನಾಗಿ ಇಳಿಯಿತು. ಮನುಷ್ಯ ಈ ನುಸಿಯ ಸಹಜ ಆಶ್ರಯವಲ್ಲ. ಬೆಕ್ಕನ್ನು ಮಡಿಲಲ್ಲಿ ಮಲಗಿಸಿಕೊಳ್ಳುವವರಿಗೆ ಕೆಲವೊಮ್ಮೆ ಕೈಮೇಲೆ ಸಣ್ಣ ಗುಳ್ಳೆ ಏಳಬಹುದು, ಅಷ್ಟೇ.

ಕಿವಿಯ ರಚನೆ ಮತ್ತು ಗುಗ್ಗೆ

ಬೆಕ್ಕಿನ ಕಿವಿನಾಳ ಮನುಷ್ಯನದರಂತೆ ನೇರವಾಗಿಲ್ಲ. ಹಾಲೆಯಿಂದ ಮೊದಲು ಕೆಳಕ್ಕಿಳಿದು, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಆ ತಿರುವಿನ ಆಚೆ ತಮಟೆ, ಅದರ ಆಚೆ ನಡುಗಿವಿ. ಹೊರಗಿನಿಂದ ಬರಿಗಣ್ಣಿಗೆ ಕಾಣುವುದು ಇಳಿಯುವ ಭಾಗದ ಮೇಲ್ತುದಿ ಮಾತ್ರ. ತಮಟೆ ಹೇಗಿದೆ ಎಂಬುದು ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ. ಮುಂದೆ ಬರುವ ಅಪಾಯಗಳಲ್ಲಿ ಹೆಚ್ಚಿನವಕ್ಕೆ ಮೂಲ ಈ ತಿರುವೇ.

ನಾಳದ ಚರ್ಮದಲ್ಲಿರುವ ಗ್ರಂಥಿಗಳು ಜಿಡ್ಡು ಸ್ರವಿಸುತ್ತವೆ. ಅದರೊಂದಿಗೆ ಉದುರಿದ ಚರ್ಮದ ಹೊಟ್ಟು ಸೇರಿ ಗುಗ್ಗೆಯಾಗುತ್ತದೆ. ನಾಳದ ಚರ್ಮ ತಮಟೆಯ ಕಡೆಯಿಂದ ಹೊರಬಾಯಿಯ ಕಡೆಗೆ ನಿಧಾನವಾಗಿ ಸರಿಯುತ್ತಾ ಇರುವುದರಿಂದ ಗುಗ್ಗೆಯೂ ಅದರ ಜೊತೆ ತಾನಾಗಿ ಹೊರಗೆ ಬರುತ್ತದೆ. ಆದ್ದರಿಂದ ಆರೋಗ್ಯವಂತ ಬೆಕ್ಕಿನ ಕಿವಿಯನ್ನು ವಾರವಾರ ತೊಳೆಯುವ ಅಗತ್ಯವಿಲ್ಲ. ಹೊರಮಡಿಕೆಯಲ್ಲಿ ಕಾಣುವ ಗುಗ್ಗೆಯನ್ನು, ಕಾಯಿಸಿ ಆರಿಸಿದ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಹತ್ತಿಯಿಂದ ಒರೆಸಿದರೆ ಸಾಕು.

ನುಸಿಯ ಜೀವನಚಕ್ರ

ಪ್ರಾಯದ ನುಸಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಕಣ್ಣು ಚುರುಕಾಗಿದ್ದವರಿಗೆ ಚಲಿಸುವ ಬಿಳಿ ಚುಕ್ಕೆಯಂತೆ ಕಂಡೀತು. ಕಜ್ಜಿ ನುಸಿಯಂತೆ ಇದು ಚರ್ಮವನ್ನು ಕೊರೆದು ಒಳಹೋಗುವುದಿಲ್ಲ. ಮೇಲೆಯೇ ಓಡಾಡುತ್ತಾ ಚರ್ಮದ ಹೊಟ್ಟು ಮತ್ತು ಒಸರಿದ ದ್ರವವನ್ನು ತಿನ್ನುತ್ತದೆ. ಹೆಣ್ಣು ನಾಳದ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಸುಮಾರು 4 ದಿನಕ್ಕೆ ಆರು ಕಾಲಿನ ಮರಿ ಹೊರಬಂದು, ಎರಡು ಹಂತ ದಾಟಿ ಪ್ರಾಯಕ್ಕೆ ಬರುತ್ತದೆ. ಮೊಟ್ಟೆಯಿಂದ ಮೊಟ್ಟೆಗೆ ಹೆಚ್ಚುಕಡಿಮೆ 3 ವಾರ. ಪ್ರಾಯದ ನುಸಿ ಸುಮಾರು 2 ತಿಂಗಳು ಬದುಕುತ್ತದೆ. ಆಶ್ರಯ ಪ್ರಾಣಿಯಿಂದ ಹೊರಬಿದ್ದರೆ ಹವೆಯ ತೇವ ಮತ್ತು ಬಿಸಿಯನ್ನು ಅವಲಂಬಿಸಿ ಕೆಲವು ದಿನ ಉಳಿಯಬಲ್ಲುದು.

ಹರಡುವುದು ಮೈಗೆ ಮೈ ತಾಗುವುದರಿಂದ. ಗೂಡಿನಲ್ಲಿ ಒತ್ತಿಕೊಂಡು ಮಲಗುವ ಮರಿಗಳಿಗೆ ತಾಯಿಯಿಂದ ಬರುತ್ತದೆ. ಆದ್ದರಿಂದಲೇ ಮರಿಗಳಲ್ಲಿ ಮತ್ತು ಬೀದಿ ಬೆಕ್ಕುಗಳ ಜೊತೆ ಓಡಾಡುವ ಬೆಕ್ಕುಗಳಲ್ಲಿ ಇದು ಹೆಚ್ಚು. ಮನೆಯ ನಾಯಿಗೂ ಅಂಟುತ್ತದೆ. ನುಸಿಗಳು ಕಿವಿಯಲ್ಲಷ್ಟೇ ಇರುವುದಿಲ್ಲ. ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿದಾಗ ಕಿವಿಗೆ ತಾಗುವ ಬಾಲದ ತುದಿ, ಕುತ್ತಿಗೆ, ಬೆನ್ನಿನ ಕೂದಲಲ್ಲೂ ಕೆಲವು ಸೇರಿಕೊಂಡಿರುತ್ತವೆ. ಕಿವಿಗೆ ಮಾತ್ರ ಏನನ್ನಾದರೂ ಹಾಕಿದಾಗ ಗುಣವಾದಂತೆ ತೋರಿ ತಿಂಗಳೊಳಗೆ ಮತ್ತೆ ಮರುಕಳಿಸುವುದಕ್ಕೆ ಇದೊಂದು ಕಾರಣ.

ಗುಗ್ಗೆ ಮತ್ತು ನುಸಿ: ವ್ಯತ್ಯಾಸ ತಿಳಿಯುವ ಬಗೆ

ಬಣ್ಣವೊಂದನ್ನೇ ನೋಡಿ ನಿರ್ಧರಿಸುವುದು ಅತಿ ಸಾಮಾನ್ಯವಾದ ತಪ್ಪು. ಬಣ್ಣ, ಹದ, ತುರಿಕೆ ಮೂರನ್ನೂ ಒಟ್ಟಿಗೆ ನೋಡಬೇಕು.

ಮಾಮೂಲಿ ಗುಗ್ಗೆ ತಿಳಿ ಹಳದಿಯಿಂದ ಕಂದು ಬಣ್ಣದವರೆಗೆ ಇರುತ್ತದೆ, ಬೆರಳಿಗೆ ಜಿಡ್ಡಾಗಿ ಅಂಟುತ್ತದೆ, ಪ್ರಮಾಣ ಕಡಿಮೆ. ಒರೆಸಿದ ಜಾಗದಲ್ಲಿ ಚರ್ಮ ತಿಳಿಗುಲಾಬಿಯಾಗಿ, ನಯವಾಗಿ ಕಾಣುತ್ತದೆ. ಬೆಕ್ಕು ಕಿವಿಯ ಬಗ್ಗೆ ಗಮನವನ್ನೇ ಕೊಡುವುದಿಲ್ಲ. ನುಸಿಯ ಕಸ ಹಾಗಲ್ಲ. ಅದರಲ್ಲಿ ಗುಗ್ಗೆಯ ಜೊತೆ ಒಣಗಿದ ರಕ್ತ, ಒಸರು, ನುಸಿಯ ಹಿಕ್ಕೆ, ಉದುರಿದ ಚರ್ಮ ಎಲ್ಲ ಸೇರಿರುತ್ತದೆ. ಒಣಗಿದ ಕಾಫಿ ಚರಟದಂತೆ ಕಡುಕಂದು ಅಥವಾ ಕಪ್ಪು ಬಣ್ಣ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಹದ. ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿರುತ್ತದೆ. ಬೆಕ್ಕು ತಲೆ ಕೊಡವುತ್ತದೆ, ಹಿಂಗಾಲಿನಿಂದ ಕೆರೆದುಕೊಂಡು ಕಿವಿಯ ಹಿಂಭಾಗದಲ್ಲಿ ಕೂದಲು ಕಳೆದುಕೊಳ್ಳುತ್ತದೆ, ಗೀರು ಗಾಯ ಮಾಡಿಕೊಳ್ಳುತ್ತದೆ. ಹಾಲೆಯ ಒಳಭಾಗವನ್ನು ಮೆಲ್ಲಗೆ ಉಜ್ಜಿದಾಗ ಅದೇ ಬದಿಯ ಹಿಂಗಾಲು ಗಾಳಿಯಲ್ಲಿ ಕೆರೆಯುವಂತೆ ಆಡಿದರೆ ನುಸಿಯ ಅನುಮಾನ ಬಲವಾಗುತ್ತದೆ.

ಮನೆಯಲ್ಲಿ ಮಾಡಬಹುದಾದ, ಕಿವಿಯೊಳಗೆ ಏನನ್ನೂ ತೂರಿಸದ ಪರೀಕ್ಷೆ ಒಂದೇ. ಹೊರಮಡಿಕೆಗೆ ಬಂದಿರುವ ಕಸವನ್ನು ಹತ್ತಿಯಿಂದ ತೆಗೆದು ಕಪ್ಪು ಕಾಗದದ ಮೇಲೆ ತೆಳ್ಳಗೆ ಹರಡಬೇಕು. ಎಳೆಬಿಸಿಲಿನಲ್ಲಿ ಅಥವಾ ದೀಪದ ಹತ್ತಿರ ಕೆಲವು ನಿಮಿಷ ಇಟ್ಟು ಭೂತಗನ್ನಡಿಯಿಂದ ನೋಡಬೇಕು. ಬೆಚ್ಚಗಾದಾಗ ನುಸಿಗಳು ಚುರುಕಾಗಿ, ಕಸದಿಂದ ಹೊರಬಂದು ಹರಿದಾಡುವ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಕಂಡರೆ ನುಸಿ ಖಚಿತ. ಕಾಣದಿದ್ದರೆ ನುಸಿ ಇಲ್ಲ ಎಂದು ಅರ್ಥವಲ್ಲ. ಕೆಲವು ಬೆಕ್ಕುಗಳಿಗೆ ನುಸಿಯ ಬಗ್ಗೆ ಅಲರ್ಜಿ ಬೆಳೆದಿದ್ದು, ಬೆರಳೆಣಿಕೆಯ ನುಸಿಗಳಿಂದಲೇ ವಿಪರೀತ ತುರಿಕೆ ಬರುತ್ತದೆ. ಇನ್ನು ಕೆಲವು ಬೆಕ್ಕುಗಳ ಕಿವಿ ತುಂಬ ನುಸಿಯಿದ್ದರೂ ಅವು ಸುಮ್ಮನೆ ಇರುತ್ತವೆ.

ಗುಗ್ಗೆಯೂ ಅಲ್ಲದ, ನುಸಿಯೂ ಅಲ್ಲದ ಸ್ಥಿತಿಗಳೂ ಇವೆ. ಕಂದು, ಜಿಡ್ಡಾದ, ಹುಳಿ ವಾಸನೆಯ ಕಸವಿದ್ದರೆ ಮಲಸೀಜಿಯ ಎಂಬ ಯೀಸ್ಟ್ ಹೆಚ್ಚಾಗಿರಬಹುದು. ಹಳದಿ ಅಥವಾ ಹಸಿರು ಕೀವು, ಕೆಟ್ಟ ವಾಸನೆ, ಮುಟ್ಟಿದರೆ ನೋವು ಇದ್ದರೆ ಬ್ಯಾಕ್ಟೀರಿಯಾ ಸೋಂಕು. ಒಂದೇ ಕಿವಿಯಲ್ಲಿ ಪದೇಪದೇ ತೊಂದರೆ ಬಂದರೆ ಒಳಗೆ ಗಂಟು ಬೆಳೆದಿರಬಹುದು ಅಥವಾ ಹುಲ್ಲಿನ ಊಬು ಸಿಕ್ಕಿರಬಹುದು. ವಯಸ್ಸಾದ ಬೆಕ್ಕುಗಳ ಕಿವಿಬಾಯಲ್ಲಿ ನೀಲಿಗಪ್ಪು ಬಣ್ಣದ ಸಣ್ಣ ಸಣ್ಣ ಗುಳ್ಳೆಗಳು ಏಳುವುದುಂಟು. ದೂರದಿಂದ ನೋಡಿದವರಿಗೆ ಅದು ಕಪ್ಪು ಕಸದಂತೆಯೇ ಕಾಣುತ್ತದೆ, ಆದರೆ ಒರೆಸಿದರೆ ಬರುವುದಿಲ್ಲ. ನುಸಿ ಬಂದ ಕಿವಿಯಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಜೊತೆಗೂಡುವುದೂ ಇದೆ. ಆಗ ಪುಡಿಯಾಗಿದ್ದ ಕಸ ಒದ್ದೆಯಾಗಿ ವಾಸನೆ ಬರತೊಡಗುತ್ತದೆ.

ಖಚಿತ ನಿರ್ಣಯ ಪಶುವೈದ್ಯರದು. ಬೆಳಕಿರುವ ಕಿವಿದರ್ಶಕದಿಂದ ತಿರುವಿನ ಆಚೆ ನೋಡಿ ತಮಟೆ ಇಡಿಯಾಗಿದೆಯೇ ಎಂದು ಅವರು ಪರೀಕ್ಷಿಸುತ್ತಾರೆ. ಕಸವನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಹರಡಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕಡಿಮೆ ಶಕ್ತಿಯ ಮಸೂರದಲ್ಲೇ ನುಸಿ ಮತ್ತು ಮೊಟ್ಟೆ ಸ್ಪಷ್ಟವಾಗಿ ಕಾಣುತ್ತವೆ.

ಮನೆಮದ್ದು ತಿರುಗಿಬೀಳುವ ಬಗೆ

ಎಣ್ಣೆಯ ಹಿಂದೆ ಒಂದು ನಿಜಾಂಶವಿದೆ. ದಪ್ಪ ಎಣ್ಣೆಯಲ್ಲಿ ಮುಳುಗಿದ ನುಸಿ ಉಸಿರುಕಟ್ಟಿ ಸಾಯಬಹುದು, ಗಟ್ಟಿ ಕಸವೂ ಮೆತ್ತಗಾಗುತ್ತದೆ. ಎರಡು ದಿನದಲ್ಲಿ ಬೆಕ್ಕು ಕೆರೆಯುವುದು ಕಡಿಮೆಯಾದಾಗ ಮನೆಯವರು ಗುಣವಾಯಿತು ಎಂದು ನಂಬುವುದು ಸಹಜ. ಆದರೆ ಮೊಟ್ಟೆಗಳು ಉಳಿದಿರುತ್ತವೆ, ಬಾಲದ ಬಳಿಯ ನುಸಿಗಳು ಉಳಿದಿರುತ್ತವೆ, ಮನೆಯ ಇನ್ನೊಂದು ಬೆಕ್ಕಿನ ಕಿವಿ ಹಾಗೆಯೇ ಇರುತ್ತದೆ. 3 ವಾರದ ಚಕ್ರ ಮುಗಿಯುವವರೆಗೆ ಬಿಡದೆ ಎಣ್ಣೆ ಹಾಕುತ್ತಾ ಹೋದರೆ, ಸದಾ ಒದ್ದೆಯಾಗಿ ಬೆಚ್ಚಗಿರುವ ನಾಳದಲ್ಲಿ ಯೀಸ್ಟ್ ಬೆಳೆಯುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ತಮಟೆಯದು. ಉರಿಯೂತದಿಂದ ತಮಟೆ ತೂತಾಗಿದ್ದರೆ, ಹುಯ್ದದ್ದೆಲ್ಲ ನೇರ ನಡುಗಿವಿಗೆ ಇಳಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ವಿನೆಗರ್, ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್, ಮನುಷ್ಯರ ಕಿವಿಗೆ ಬರೆದುಕೊಟ್ಟಿದ್ದ ಜೆಂಟಾಮೈಸಿನ್ ಹನಿ ಇವೆಲ್ಲ ಅಲ್ಲಿ ಹಾನಿ ಮಾಡಬಲ್ಲವು. ಬೆಕ್ಕು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಸುತ್ತುತ್ತದೆ, ನಡೆಯಲು ಹೋಗಿ ಬೀಳುತ್ತದೆ, ಕಣ್ಣುಗುಡ್ಡೆ ಅತ್ತಿತ್ತ ಅದುರುತ್ತದೆ. ಬೆಕ್ಕಿನ ಕಣ್ಣಿಗೆ ಹೋಗುವ ಸಿಂಪಥೆಟಿಕ್ ನರಗಳು ನಡುಗಿವಿಯ ಮೂಲಕ ಹಾದುಹೋಗುವುದರಿಂದ ಆ ಬದಿಯ ರೆಪ್ಪೆ ಜೋತುಬಿದ್ದು, ಕಣ್ಣಿನ ಪಾಪೆ ಕಿರಿದಾಗಿ, ಮೂರನೆಯ ರೆಪ್ಪೆ ಮೇಲೆ ಬರುವುದೂ ಇದೆ. ಶಾಶ್ವತ ಕಿವುಡು ಉಳಿಯಬಹುದು. ಇಯರ್ ಬಡ್ ಬಳಸಿದಾಗ ಕಸದ ಸ್ವಲ್ಪ ಭಾಗ ಹತ್ತಿಗೆ ಅಂಟಿ ಬಂದು, ಉಳಿದದ್ದು ತಿರುವಿನ ಆಚೆಗೆ ತಳ್ಳಲ್ಪಡುತ್ತದೆ.

ಮೂರನೆಯದು ವಿಷ. ಫಿನಾಲ್ ಬಗೆಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಒಂದು ಮುಖ್ಯ ದಾರಿ ಬೆಕ್ಕಿನಲ್ಲಿ ತೀರ ದುರ್ಬಲ; ಅದಕ್ಕೆ ಬೇಕಾದ ಒಂದು ಜೀನ್ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಮನುಷ್ಯನಿಗೂ ನಾಯಿಗೂ ಏನೂ ಮಾಡದ ಪ್ರಮಾಣ ಬೆಕ್ಕಿನ ಮೈಯಲ್ಲಿ ಉಳಿದು ಶೇಖರವಾಗುತ್ತದೆ. ಜೊತೆಗೆ, ಕಿವಿಗೆ ಹಾಕಿದ್ದು ಕಿವಿಯಲ್ಲೇ ಉಳಿಯುವುದಿಲ್ಲ. ಬೆಕ್ಕು ಪಂಜದಿಂದ ಕಿವಿ ಒರೆಸಿಕೊಂಡು ಆ ಪಂಜವನ್ನು ನೆಕ್ಕುತ್ತದೆ. ಕರ್ಪೂರ ಕರಗಿಸಿದ ಎಣ್ಣೆ, ಟೀ ಟ್ರೀ ಎಣ್ಣೆ, ಫಿನಾಯಿಲ್ ಬೆರೆಸಿದ ನೀರು ಹೀಗೆ ವಿಷವಾಗಬಲ್ಲವು. ಶುದ್ಧ ಟೀ ಟ್ರೀ ಎಣ್ಣೆ ಹಚ್ಚಿದ ಮೂರು ಬೆಕ್ಕುಗಳಲ್ಲಿ ಒಂದು ಸತ್ತ ಪ್ರಕರಣ 1998ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಗಿದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ನೆಕ್ಕಿದಾಗ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರಬಹುದು. ಬೇವಿನೆಣ್ಣೆ ಮತ್ತು ಹೊಂಗೆ ಎಣ್ಣೆ ಕಹಿಯಾದ್ದರಿಂದ ಬೆಕ್ಕು ನೊರೆ ಸುರಿಸಿ ವಾಂತಿ ಮಾಡುತ್ತದೆ. ಉರಿದ ಚರ್ಮ ಇನ್ನಷ್ಟು ಕೆಂಪಾಗುತ್ತದೆ.

ಕೊಟ್ಟಿಗೆಯ ಔಷಧಿ

ಹೈನುಗಾರಿಕೆ ಇರುವ ಮನೆಯಲ್ಲಿ ಹಸುವಿನ ಉಣ್ಣೆಗೆಂದು ತಂದ ಡೆಲ್ಟಾಮೆಥ್ರಿನ್ ಅಥವಾ ಸೈಪರ್ಮೆಥ್ರಿನ್ ಶೀಶೆ ಇರುವುದು ಅಪರೂಪವಲ್ಲ. ಈ ಗುಂಪಿನ ಔಷಧಿಗಳನ್ನು, ನಾಯಿಯ ಪರ್ಮೆಥ್ರಿನ್ ಪುಡಿ ಮತ್ತು ಹನಿಯನ್ನೂ ಸೇರಿಸಿ, ಬೆಕ್ಕು ತಾಳಿಕೊಳ್ಳಲಾರದು. ಗಂಟೆಗಳೊಳಗೆ ಕಿವಿ ಮತ್ತು ಮೈ ಅದುರತೊಡಗಿ, ಫಿಟ್ಸ್ ಬಂದು ಸಾಯಬಹುದು. ಹೀಗಾದಾಗ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಶೀಶೆಯನ್ನೂ ಜೊತೆಗೆ ತೆಗೆದುಕೊಂಡು ತಕ್ಷಣ ವೈದ್ಯರ ಬಳಿ ಹೋಗಬೇಕು.

ಐವರ್ಮೆಕ್ಟಿನ್‌ನ ವಿಷಯ ಬೇರೆ. ಅದು ನುಸಿಯನ್ನು ನಿಜಕ್ಕೂ ಕೊಲ್ಲುತ್ತದೆ. ಪಶುವೈದ್ಯರು ಬೆಕ್ಕಿಗೂ ಅದನ್ನು ಚುಚ್ಚುಮದ್ದಾಗಿ ಕೊಡುವುದುಂಟು. ಅಪಾಯ ಇರುವುದು ಅಳತೆಯಲ್ಲಿ. ದನಕ್ಕೆ ಸಿಗುವ ಶೇಕಡ 1ರ ದ್ರಾವಣದಲ್ಲಿ 1 ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧಿ ಇರುತ್ತದೆ. 3 ಕಿಲೋ ತೂಕದ ಬೆಕ್ಕಿಗೆ ವೈದ್ಯರು ಕಿಲೋಗೆ 0.2 ಮಿಲಿಗ್ರಾಂ ಲೆಕ್ಕ ಹಿಡಿದರೆ ಒಟ್ಟು 0.6 ಮಿಲಿಗ್ರಾಂ, ಅಂದರೆ 0.06 ಮಿಲಿಲೀಟರ್ ಮಾತ್ರ ಬೇಕಾಗುತ್ತದೆ. ದನದ ಸಿರಿಂಜಿನಲ್ಲಿ ಅಷ್ಟು ಕಡಿಮೆ ಅಳೆಯುವುದೇ ಆಗುವುದಿಲ್ಲ. ‘ಸ್ವಲ್ಪವೇ’ ಎಂದು ಅರ್ಧ ಮಿಲಿಲೀಟರ್ ಹಾಕಿದರೆ 5 ಮಿಲಿಗ್ರಾಂ ಆಯಿತು: ಬೇಕಾದ್ದರ ಎಂಟು ಪಟ್ಟಿಗೂ ಹೆಚ್ಚು. ಕಣ್ಣಿನ ಪಾಪೆ ಅಗಲವಾಗಿ, ಕಣ್ಣು ಕಾಣದಂತಾಗಿ, ತೂರಾಡಿ, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಮರಿಗಳಲ್ಲಿ ಇನ್ನೂ ಕಡಿಮೆ ಪ್ರಮಾಣಕ್ಕೇ ಹೀಗಾಗಬಹುದು.

ಚಿಕಿತ್ಸೆ

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಹಿಂಗುತ್ತಿಗೆಯ ಚರ್ಮದ ಮೇಲೆ ಹಾಕುವ ಹನಿ. ಸೆಲಾಮೆಕ್ಟಿನ್ ಹಾಗೂ ಇಮಿಡಾಕ್ಲೋಪ್ರಿಡ್-ಮಾಕ್ಸಿಡೆಕ್ಟಿನ್ ಮಿಶ್ರಣ ಇದರಲ್ಲಿ ಮುಖ್ಯವಾದವು. ಔಷಧಿ ಚರ್ಮದ ಮೂಲಕ ಮೈಗೆ ಸೇರಿ ಕಿವಿಯ ನುಸಿಗೂ ಬಾಲದ ನುಸಿಗೂ ತಲುಪುತ್ತದೆ. ಕಿವಿಯೊಳಗೆ ಏನನ್ನೂ ಹುಯ್ಯುವ ಅಗತ್ಯವೇ ಬರುವುದಿಲ್ಲ. ಬೆಕ್ಕಿನ ತೂಕಕ್ಕೆ ತಕ್ಕ ಪೊಟ್ಟಣವನ್ನೇ ತೆಗೆದುಕೊಳ್ಳಬೇಕು. ತಿಂಗಳ ನಂತರ ಎರಡನೆಯ ಬಾರಿ ಬೇಕೇ ಎಂಬುದನ್ನು ಮರುಪರೀಕ್ಷೆ ನಿರ್ಧರಿಸುತ್ತದೆ. ಒಟ್ಟಿಗೆ ಬದುಕುವ ಎಲ್ಲ ಬೆಕ್ಕು ಮತ್ತು ನಾಯಿಗಳಿಗೂ ಒಂದೇ ಸಲ ಚಿಕಿತ್ಸೆ ಆಗಬೇಕು. ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೆ ಬೇರೆ ಹನಿ ಕೊಡುತ್ತಾರೆ, ತಮಟೆ ನೋಡಿದ ಮೇಲೆ.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ನುಸಿ ಸತ್ತ ಮೇಲೂ ಕಪ್ಪು ಕಸ ಕಿವಿಯಲ್ಲಿ ಉಳಿದಿರುತ್ತದೆ, ಅದು ಹೊರಬರಲು ವಾರಗಳು ಬೇಕು. ಕಸ ಇನ್ನೂ ಇರುವುದನ್ನು ಕಂಡು ಮದ್ದು ಫಲಿಸಲಿಲ್ಲವೆಂದು ತೀರ್ಮಾನಿಸಿ ಮೇಲಿಂದ ಎಣ್ಣೆ ಹಾಕುವವರು ವಾಸಿಯಾಗುತ್ತಿದ್ದ ಕಿವಿಯನ್ನು ಕೆಡಿಸುತ್ತಾರೆ. ನೋಡಬೇಕಾದ್ದು ತುರಿಕೆ ಇಳಿಯಿತೇ ಎಂಬುದನ್ನು.

ಹುಳು ಮನೆಯಲ್ಲಿ ಒಂದು ಮಾದರಿ ಪ್ರಕರಣ

ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಸಾಕಣೆ ಮನೆಯನ್ನು ಊಹಿಸಿಕೊಳ್ಳಬಹುದು. ಹುಳು ತಿನ್ನಲು ಬರುವ ಇಲಿಗಳಿಗೆಂದು ಬೆಕ್ಕು ಸಾಕಿದ್ದಾರೆ. ಅದಕ್ಕೆ ಎರಡು ತಿಂಗಳ ಮೂರು ಮರಿಗಳಿವೆ. ಮರಿಗಳು ಕಿವಿ ಕೆರೆಯುತ್ತಿವೆ, ಕಪ್ಪು ಪುಡಿ ಇದೆ, ಕಪ್ಪು ಕಾಗದದ ಮೇಲೆ ಬಿಳಿ ಚುಕ್ಕೆ ಹರಿದಾಡಿತು. ತಾಯಿಯ ಕಿವಿಯಲ್ಲೂ ಕಸವಿದೆ, ಆದರೆ ಕೆರೆಯುತ್ತಿಲ್ಲ. ಅಂದರೆ ನಾಲ್ಕಕ್ಕೂ ಚಿಕಿತ್ಸೆ ಬೇಕು. ಕಿವಿ ನುಸಿ ರೇಷ್ಮೆ ಹುಳುವಿಗೆ ಅಂಟುವುದಿಲ್ಲ, ಆ ಭಯ ಬೇಡ. ಭಯಪಡಬೇಕಾದ್ದು ಔಷಧಿಗೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್, ಪರ್ಮೆಥ್ರಿನ್ ಎಲ್ಲವೂ ಕೀಟನಾಶಕಗಳು, ರೇಷ್ಮೆ ಹುಳುವೂ ಕೀಟವೇ. ಬೇವಿನ ಅಂಶವೂ ಹುಳುವಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ಆದ್ದರಿಂದ ಬೇವಿನೆಣ್ಣೆ ಹಚ್ಚಿದ ಬೆಕ್ಕು ಸೊಪ್ಪಿನ ರಾಶಿಯ ಮೇಲೆ ಮಲಗುವುದೂ ಸರಿಯಲ್ಲ.

ನಾಲ್ಕನೇ ಜ್ವರ ಕಳೆದು ಹುಳುಗಳು ಜೋರಾಗಿ ಮೇಯುತ್ತಿರುವಾಗ ಚಿಕಿತ್ಸೆ ಆರಂಭಿಸುವುದಕ್ಕಿಂತ, ಹಣ್ಣಾದ ಹುಳು ಚಂದ್ರಿಕೆಗೆ ಏರಿ ಗೂಡು ಬಿಡಿಸಿದ ಮೇಲೆ, ಮುಂದಿನ ಬೆಳೆ ಚಾಕಿ ಬರುವ ಮುಂಚಿನ ಬಿಡುವಿನಲ್ಲಿ ಹನಿ ಹಾಕುವುದು ಉತ್ತಮ. ತುರಿಕೆ ತೀವ್ರವಾಗಿದ್ದು ಕಾಯಲಾಗದಿದ್ದರೆ ಬೆಕ್ಕುಗಳನ್ನು ಹುಳು ಮನೆಯಿಂದಲೂ ಸೊಪ್ಪು ಇಡುವ ಕೋಣೆಯಿಂದಲೂ ದೂರ ಬೇರೆ ಕೋಣೆಯಲ್ಲಿ ಕೂಡಿಹಾಕಬೇಕು. ಹನಿ ಹಾಕಿದವರು ಸೋಪಿನಿಂದ ಕೈ ತೊಳೆಯದೆ, ಬಟ್ಟೆ ಬದಲಿಸದೆ ಸೊಪ್ಪು ಮುಟ್ಟಬಾರದು. ಸಾಧ್ಯವಿದ್ದರೆ ಆ ಬೆಳೆಗೆ ಸೊಪ್ಪು ಹಾಕುವ ಕೆಲಸವನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳುವುದು ಒಳ್ಳೆಯದು. ಬೆಕ್ಕು ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಹೊರಬಿದ್ದ ನುಸಿಗಳಿಗೂ ಉಳಿಗಾಲವಿಲ್ಲ.

ಈಗಿನ ಸ್ಥಿತಿ

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳ ದಿನದ ಕೆಲಸ ಬಹುಪಾಲು ಹಸು, ಎಮ್ಮೆ, ಕುರಿಗಳದು. ಬೆಕ್ಕು ಅಲ್ಲಿ ಅಪರೂಪದ ರೋಗಿ, ಆದರೆ ಕಿವಿ ನುಸಿಗೆ ವಿಶೇಷ ಉಪಕರಣವೇನೂ ಬೇಡ. ಸಗಣಿ ಪರೀಕ್ಷೆಗೆ ಬಳಸುವ ಸೂಕ್ಷ್ಮದರ್ಶಕವೇ ಸಾಕು. ತಮಟೆಯ ತೊಂದರೆ, ಒಳಗಿನ ಗಂಟು, ತಲೆ ವಾಲಿಸುವಿಕೆ ಮುಂತಾದ ಮುಂದುವರಿದ ಸ್ಥಿತಿಗಳಿಗೆ ಬಳ್ಳಾರಿ ರಸ್ತೆಯಲ್ಲೇ ಬೆಂಗಳೂರಿನ ನಡುಭಾಗ ತಲುಪುವ ಮೊದಲು ಸಿಗುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದ ದೊಡ್ಡ ಕೇಂದ್ರ.

ವೈದ್ಯರ ಬಳಿ ಒಯ್ಯುವ ಮುಂಚೆ ಎರಡು ಮೂರು ದಿನ ಕಿವಿಯನ್ನು ಒರೆಸದೆ, ಏನನ್ನೂ ಹಾಕದೆ ಬಿಡಬೇಕು. ಎಣ್ಣೆ ಬಿದ್ದ ಕಿವಿಯಲ್ಲಿ ಕಸದ ಬಣ್ಣ, ಹದ ಎರಡೂ ಬದಲಾಗಿ ಗುಗ್ಗೆ ಯಾವುದು, ನುಸಿ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಈಗಾಗಲೇ ಏನನ್ನಾದರೂ ಹಾಕಿದ್ದರೆ ಅದರ ಹೆಸರು, ಹಾಕಿದ ದಿನ, ಅಂದಾಜು ಪ್ರಮಾಣವನ್ನು ಹೇಳಬೇಕು; ತಮಟೆ ಮತ್ತು ಯಕೃತ್ತಿನ ಬಗ್ಗೆ ವೈದ್ಯರು ಮುಂದೆ ಏನು ಪರೀಕ್ಷಿಸಬೇಕು ಎಂಬುದು ಆ ಮಾಹಿತಿಯನ್ನೇ ಅವಲಂಬಿಸಿದೆ.